ಹೂಂ ರಿ ಎಂದರೆ ಸರಿ

ಸವದತ್ತಿಯ ಕೋರ್ಟಿನ ಕೆಲಸ ಮುಗಿಸಿ ಬೈಲಹೊಂಗಲದ ಬಸ್ಸು ಹತ್ತುವಾಗ ನನ್ನ ಗಂಟಲಿಗಿಂತ ಕಿವಿ ಹೆಚ್ಚು ದಣಿದಿರುತ್ತದೆ. ವಕೀಲರು ಮಾತಾಡಿ ದಣಿಯುತ್ತಾರೆಂದು ಜನ ತಿಳಿದಿದ್ದಾರೆ. ನಾನು ದಣಿಯುವುದು ಕೇಳಿ ಕೇಳಿ. ಹೌದಲ್ಲ? ಹೌದಿಲ್ಲೋ? ಅಲ್ಲೇನ್ರಿ? ದಿನವಿಡೀ ಇದೇ. ಕಟಕಟೆಯಿಂದ ಬರುವ ಉತ್ತರವೂ ಒಂದೇ: ಹೂಂ ರಿ. ಆ ಹೂಂ ನ್ಯಾಯಾಧೀಶರ ಬಾಯಿಂದ ಹೊರಳಿ ಬೆರಳಚ್ಚಿಗೆ ಹೋಗುವಾಗ ಬೇರೆ ಅಂಗಿ ತೊಟ್ಟಿರುತ್ತದೆ. 'ನಾನು ಹೀಗೆ ಮಾಡಿದೆ ಎಂದರೆ ಸರಿ.' ಕೇಳಿದ್ದು ವಕೀಲ, ಹೇಳಿದ್ದು ನ್ಯಾಯಾಧೀಶರು, ಕುಟ್ಟಿದ್ದು ಬೆರಳಚ್ಚುಗಾರ್ತಿ. ಸಾಕ್ಷಿಯ ಪಾಲಿಗೆ ಬಂದದ್ದು ಹೂಂ ಒಂದೇ. ಆದರೂ ಕಾಗದದ ಮೇಲೆ ಅದು ಸಾಕ್ಷಿಯದೇ ಹೇಳಿಕೆ.

ಬಸ್ಸಿನಲ್ಲಿ ಕಂಡಕ್ಟರ್ 'ರೈಟ್, ರೈಟ್' ಅಂದರೂ ಈಗೀಗ ಸಿಟ್ಟು ಬರುತ್ತದೆ. ನಮ್ಮ ವಕೀಲರ ಸಂಘದ ಹೊಸ ಹುಡುಗರೂ ಅದನ್ನೇ ಕಲಿತಿದ್ದಾರೆ. ಒಂದೊಂದು ವಾಕ್ಯದ ಬಾಲಕ್ಕೂ 'ರೈಟ್?' ಅಂತ ಸಿಕ್ಕಿಸುತ್ತಾರೆ. ನಾನು ರೈಟೂ ಅನ್ನುವುದಿಲ್ಲ, ರಾಂಗೂ ಅನ್ನುವುದಿಲ್ಲ. ಸುಮ್ಮನೆ ಕೋಟು ಬಿಚ್ಚಿ ಮಡಚುತ್ತೇನೆ.

ಈ ಬಾಲದ ಮಾತಿನ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ನಮ್ಮದು ರಾಮದುರ್ಗದ ವೈದಿಕ ಮನೆತನ. ಅಜ್ಜ ಪಂಚಾಂಗ ಹಿಡಿದವರು, ಅಪ್ಪ ಇಂಗ್ಲಿಷ್ ವ್ಯಾಕರಣ ಹಿಡಿದರು. ಮಂತ್ರ ತಪ್ಪಿದರೆ ಅಜ್ಜ ಎಷ್ಟು ಚಡಪಡಿಸುತ್ತಿದ್ದರೋ, ಹುಡುಗರು ಎಲ್ಲದಕ್ಕೂ 'ಈಸಂಟ್ ಇಟ್' ಬರೆದರೆ ಅಪ್ಪ ಅಷ್ಟೇ ಚಡಪಡಿಸುತ್ತಿದ್ದರು. ಹೈಸ್ಕೂಲಿನಲ್ಲಿ ಅವರ ಪಾಠ ಗದ್ದಲದ್ದು. ಅವರು 'ಶೀ ಕೇಮ್' ಅಂದರೆ ನಾವು 'ಡಿಡಂಟ್ ಶೀ' ಅನ್ನಬೇಕು. 'ಹೀ ಈಸಂಟ್ ಹಿಯರ್' ಅಂದರೆ 'ಈಸ್ ಹೀ'. ವಾಕ್ಯ ಹೌದಾದರೆ ಬಾಲ ಅಲ್ಲ; ವಾಕ್ಯ ಅಲ್ಲವಾದರೆ ಬಾಲ ಹೌದು. ಗಂಡಸು ಹೆಂಗಸು, ನಿನ್ನೆ ನಾಳೆ, ಒಬ್ಬ ಇಬ್ಬರು, ಎಲ್ಲದರ ಲೆಕ್ಕ ಇಟ್ಟು ಬಾಲ ಬದಲಿಸಬೇಕು. 'ಐ ಆಮ್ ಲೇಟ್' ಅಂದರೆ ಮಾತ್ರ 'ಆರಂಟ್ ಐ'. ಅದು ಯಾಕೆ ಹಾಗೆಂದು ಕೇಳಿದರೆ ಅಪ್ಪ, "ಅದು ಹಂಗೇ ಅದ. ಸುಮ್ನ ಬಾಯಿಪಾಠ ಮಾಡು," ಅಂತ ಡಸ್ಟರ್ ಎತ್ತುತ್ತಿದ್ದರು.

ನಮಗೆ ಇದೆಲ್ಲ ಹತ್ತುವುದು ಹೇಗೆ? ಕನ್ನಡದಲ್ಲಿ ಅವಳು ಬಂದರೂ ಹೌದಲ್ಲ, ಅವರು ಬಾರದಿದ್ದರೂ ಹೌದಲ್ಲ, ನಾಳೆ ಬರುವವರಿದ್ದರೂ ಹೌದಲ್ಲ. ಬಾಲ ಒಂದೇ. ಬದಲಾಗುವುದು ಎದುರಿಗಿದ್ದವರಿಗೆ ತಕ್ಕ ಹಾಗೆ. ಓರಗೆಯವನಿಗೆ ಹೌದಿಲ್ಲೋ, ಹಿರಿಯರಿಗೆ ಹೌದಿಲ್ರಿ, ಹೆಂಡತಿಗೆ ಅಲ್ಲೇನ. ಇಂಗ್ಲಿಷಿನವರ ಬಾಲ ಯಾರ ಬಗ್ಗೆ ಮಾತಾಡುತ್ತಿದ್ದೇವೆಂದು ನೋಡುತ್ತದೆ, ನಮ್ಮದು ಯಾರ ಜೊತೆ ಮಾತಾಡುತ್ತಿದ್ದೇವೆಂದು ನೋಡುತ್ತದೆ. ಇದನ್ನು ಅಪ್ಪ ಹೇಳಿಕೊಡಲಿಲ್ಲ, ಕೋರ್ಟು ಕಲಿಸಿತು.

ಅಪ್ಪ ಹೇಳಿಕೊಟ್ಟದ್ದು ಇನ್ನೊಂದು. ಬಾಲ ಹೇಳುವಾಗ ದನಿ ಮೇಲೆ ಹೋದರೆ ಅವನಿಗೆ ನಿಜವಾಗಿ ಗೊತ್ತಿಲ್ಲ, ಕೇಳುತ್ತಿದ್ದಾನೆ. ದನಿ ಕೆಳಗೆ ಇಳಿದರೆ ಅವನು ಕೇಳುತ್ತಿಲ್ಲ. "ಉತ್ತರ ಅವನ ಕಿಸೆದಾಗ ಅದ," ಅನ್ನುತ್ತಿದ್ದರು. "ನೀ ಬರೇ ತಲಿ ಅಲ್ಲಾಡಸಬೇಕು, ಅಷ್ಟ." ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವರು ನನಗಿಂತ ಮೇಲಿನ ಇಯತ್ತೆಯ ಒಬ್ಬರು. ಅವರು ಈಗ ಕಿತ್ತೂರಿನಲ್ಲಿ ಹಿರಿಯ ವಕೀಲರು, ಸವದತ್ತಿಗೂ ಬರುತ್ತಾರೆ. ಅವರ ಹೌದಿಲ್ಲೋ ಯಾವತ್ತೂ ಕೆಳಗೇ ಇಳಿಯುತ್ತದೆ, ಅದೂ ಬೆಣ್ಣೆ ಹಚ್ಚಿದ ಹಾಗೆ.

ನಾನು ಹೇಳಹೊರಟ ದಾವಾದಲ್ಲಿ ಎದುರಿಗಿದ್ದವರು ಅವರೇ.

ನನ್ನ ಕಕ್ಷಿದಾರಳು ಸಿರಸಂಗಿಯ ಕಡೆಯ ರೈತ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಹೊಲಕ್ಕೆ ಹೋಗಲು ಪಕ್ಕದವರ ಹೊಲದ ಒಡ್ಡಿನ ಗುಂಟ ಚಕ್ಕಡಿ ದಾರಿ. ಮಾವನ ಕಾಲದಿಂದ ಅಲ್ಲೇ ತಿರುಗಾಡಿದವರು. ಪಕ್ಕದ ಹೊಲದ ಯಜಮಾನರು ವಯಸ್ಸಾದವರು, ಆಕೆ ಅವರನ್ನು ಕಾಕಾ ಅಂತಲೇ ಕರೆಯುವುದು. ಜಗಳವೆಂಬುದು ಇರಲಿಲ್ಲ. ಒಂದು ವರ್ಷ ಅವರ ಮಕ್ಕಳು ಒಡ್ಡು ಒಡೆದು ಹೊಲ ಸಮ ಮಾಡಿ, ದಾರಿಗೆ ಜಾಲಿ ಮುಳ್ಳು ಬಡಿದರು. ಉಳಿದದ್ದು ಹಳ್ಳದ ಸುತ್ತು. ಅಲ್ಲಿ ಚಕ್ಕಡಿ ಇಳಿಯುವುದಿಲ್ಲ, ಟ್ರ್ಯಾಕ್ಟರ್ ಮಾತೇ ಬೇಡ, ಮಳೆಗಾಲದಲ್ಲಿ ಕಾಲೂ ಇಳಿಯುವುದಿಲ್ಲ. ಹತ್ತಿಯನ್ನು ತಲೆಯ ಮೇಲೆ ಹೊರಬೇಕು. ದಾರಿ ಸಿಗದಿದ್ದರೆ ಹೊಲ ಇದ್ದೂ ಇಲ್ಲದ ಹಾಗೆ.

ಕಾನೂನು ಸರಳವಾಗಿದೆ, ಓದಲಿಕ್ಕೆ. ಬೇರೆಯವರ ಹೊಲದಲ್ಲಿ ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರು, ತಡೆಯಿಲ್ಲದೆ, ನಮ್ಮ ಹಕ್ಕೆಂದು ನಡೆದರೆ ದಾರಿ ಗಟ್ಟಿಯಾಗುತ್ತದೆ. ಅಷ್ಟೂ ವರ್ಷ ಅವರ ಅನುಮತಿ ಪಡೆದು ನಡೆದಿದ್ದರೆ ಅದು ಅವರು ಮಾಡಿದ ಉಪಕಾರ. ಅವರು ಬೇಡವೆಂದ ದಿನ ಉಪಕಾರ ಮುಗಿಯಿತು.

ಆಕೆಯನ್ನು ಕೂಡಿಸಿಕೊಂಡು ತಯಾರಿ ಮಾಡಿದೆ. "ಅಕ್ಕಾರ, ಅವರು ಒಂದು ಮಾತು ಹೇಳಿ ಹೌದಿಲ್ಲೋ ಅಂತಾರ. ಲಗೂನ ಹೂಂ ಅನಬ್ಯಾಡ್ರಿ. ಪೂರಾ ಕೇಳ್ರಿ, ವಿಚಾರ ಮಾಡ್ರಿ. ಅಲ್ಲ ಅನ್ನೂದಿದ್ರ ಅಲ್ಲ ಅನ್ರಿ."

"ಹೂಂ ರಿ," ಅಂದಳು. ನಾನಿನ್ನೂ ವಾಕ್ಯ ಮುಗಿಸಿರಲಿಲ್ಲ.

ಅದು ಒಪ್ಪಿಗೆಯ ಹೂಂ ಅಲ್ಲ, ಕೇಳುತ್ತಿದ್ದೇನೆ ಅನ್ನುವ ಹೂಂ. ನಮ್ಮ ಕಡೆ ಹಿರಿಯರು ಮಾತಾಡುವಾಗ ಹೂಂಗುಟ್ಟದೆ ಕೂತರೆ ಸೊಕ್ಕು ಅನ್ನುತ್ತಾರೆ. ರಿ ಬಿಟ್ಟು ಹೂಂ ಅಂದರೂ ಸೊಕ್ಕೇ. ಆಕೆಗೆ ಕಟಕಟೆಯಲ್ಲಿ ದಾರಿಯ ಚಿಂತೆಗಿಂತ ಆ ರಿ ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಚಿಂತೆಯೇ ದೊಡ್ಡದಿತ್ತು.

ಪಾಟೀಸವಾಲಿನ ದಿನ ಹಿರಿಯ ವಕೀಲರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು. "ತಂಗೆವ್ವಾ, ಊಟ ಆತೇನ?" ಅಂತ ಶುರುಮಾಡಿದರು. ನ್ಯಾಯಾಧೀಶರು ತಲೆ ಎತ್ತಿ ನೋಡಿದರು. ಅವರು ಮೈಸೂರು ಕಡೆಯವರು, ನಮ್ಮಲ್ಲಿಗೆ ಹೊಸಬರು, ನಮ್ಮ ಮಾತು ಅವರಿಗೆ ಒಂದು ಗಳಿಗೆ ತಡವಾಗಿ ತಿಳಿಯುತ್ತಿತ್ತು.

"ನಿಮ್ಮ ಮಾವನವರು ಭಾಳ ಮರ್ಯಾದಸ್ಥರು, ಹೌದಲ್ಲ?"

"ಹೂಂ ರಿ."

"ಇನ್ನೊಬ್ಬರ ಹೊಲದಾಗ ಹಂಗ ನುಗ್ಗೂ ಪೈಕಿ ಅಲ್ಲ, ಅಲ್ಲೇನ?"

"ಅಲ್ರಿ, ಅಂಥಾ ಮನಶಾ ಅಲ್ರಿ."

"ಈ ಹೊಲ ದಾಟೂಮುಂದನೂ ಹೇಳಿ ಕೇಳಿ ದಾಟತಿದ್ರು, ಹೌದಿಲ್ಲೋ?" ದನಿ ಮೆಲ್ಲಗೆ ಕೆಳಗಿಳಿಯಿತು. ಅಪ್ಪ ಇದ್ದಿದ್ದರೆ ಪೂರ್ಣ ಅಂಕ ಕೊಡುತ್ತಿದ್ದರು.

"ಹೂಂ ರಿ."

"ನೀವೂ ಹಂಗ ನಡಕೊಂಡ ಬಂದೀರಿ, ಹೌದಲ್ಲ?"

"ಹೂಂ ರಿ. ಹೇಳದ ಹೆಂಗ ದಾಟೂದ್ರಿ?" ಅಂದಳು ಆಕೆ. ಮಾವನ ಮರ್ಯಾದೆಯನ್ನು ತಾನೂ ಉಳಿಸಿಕೊಂಡು ಬಂದೆನೆಂಬ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು.

ನ್ಯಾಯಾಧೀಶರು ಬೆರಳಚ್ಚುಗಾರ್ತಿಯ ಕಡೆ ತಿರುಗಿದರು. "ನನ್ನ ಮಾವ ಮತ್ತು ನಾನು ಪ್ರತಿವಾದಿಯ ಅನುಮತಿ ಪಡೆದು ಜಮೀನನ್ನು ದಾಟುತ್ತಿದ್ದೆವು ಎಂದರೆ ಸರಿ."

ನಾನು ಎದ್ದೆ. ಸಾಕ್ಷಿ ಅನುಮತಿ ಎಂಬ ಮಾತೇ ಆಡಿಲ್ಲ, ಆಕೆ ಅಂದದ್ದು ಹೇಳಿ ದಾಟುತ್ತಿದ್ದೆವು ಎಂದು, ಅಷ್ಟೇ ಅಂದೆ.

"ಹೇಳಿ ಕೇಳಿ ದಾಟೋದು ಅಂದ್ರೆ ಅನುಮತಿನೇ ಅಲ್ವಾ ವಕೀಲರೇ?" ಅಂದರು ನ್ಯಾಯಾಧೀಶರು. ಕೇಳಿದ್ದು ಬಹಳ ಸೌಜನ್ಯದಿಂದಲೇ. ಕರಿಕೋಟು ಹಾಕಿಕೊಂಡು ಇಷ್ಟು ವರ್ಷ ನಿಂತವನ ಬಾಯಿಗೂ ಮೊದಲು ಬಂದದ್ದು ಹೂಂ ಅನ್ನುವುದೇ. ಅದನ್ನು ನುಂಗಿ, "ಅಲ್ಲ ಸ್ವಾಮಿ," ಅಂದೆ. ಬೆರಳಚ್ಚು ಅಷ್ಟರಲ್ಲಿ ಮುಂದೆ ಹೋಗಿತ್ತು. ಏನಿದ್ದರೂ ಮರುವಿಚಾರಣೆಯಲ್ಲಿ ಕೇಳಿ ಅಂದರು.

ಮರುವಿಚಾರಣೆ ಅಂದರೆ ಎದುರಿನವರ ಸವಾಲಿನಲ್ಲಿ ಗೋಜಲಾದದ್ದನ್ನು ನಮ್ಮ ಸಾಕ್ಷಿಯಿಂದಲೇ ಬಿಡಿಸಿಕೊಳ್ಳಲು ಸಿಗುವ ಅವಕಾಶ. ಆದರೆ ಅಲ್ಲೊಂದು ನಿಯಮವಿದೆ. ಎದುರಿನವರು ನನ್ನ ಸಾಕ್ಷಿಗೆ ಎಷ್ಟು ಹೌದಿಲ್ಲೋ ಬೇಕಾದರೂ ಹಾಕಬಹುದು. ನಾನು ಹಾಕುವ ಹಾಗಿಲ್ಲ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ ನನಗೆ ನಿಷಿದ್ಧ. ಅದು ನ್ಯಾಯವೇ, ಇಲ್ಲ ಅನ್ನುವುದಿಲ್ಲ. ನನ್ನ ಸಾಕ್ಷಿ ನನಗೆ ಹೂಂ ಅನ್ನುವುದರಲ್ಲಿ ಏನು ಬೆಲೆ? ಆದರೆ ಕನ್ನಡದಲ್ಲಿ ಬಾಲವಿಲ್ಲದೆ ಮಾತಾಡಿ ನೋಡಿ, ಪೊಲೀಸನ ಹಾಗೆ ಕೇಳಿಸುತ್ತದೆ. ಬಾಯಿ ತೆರೆದರೆ ಬಂದದ್ದು, "ನೀವು ಪರವಾನಗಿ ಕೇಳತಿರಲಿಲ್ಲ, ಅಲ್ಲೇನ್ರಿ ಅಕ್ಕಾರ?"

ಹಿರಿಯ ವಕೀಲರು ಕೂತಲ್ಲಿಂದಲೇ ಕೈ ಎತ್ತಿದರು. ಸೂಚಕ ಪ್ರಶ್ನೆ, ತಕರಾರಿದೆ. ನ್ಯಾಯಾಧೀಶರು ಎತ್ತಿ ಹಿಡಿದರು. ಆಕೆಯಂತೂ ಆಗಲೇ "ಹೂಂ ರಿ" ಅಂದುಬಿಟ್ಟಿದ್ದಳು. ಆ ಹೂಂ ಯಾರ ಲೆಕ್ಕಕ್ಕೂ ಬರಲಿಲ್ಲ.

ಬಾಲ ಕತ್ತರಿಸಿ ಕೇಳಿದೆ. "ದಾಟೂಮುಂದ ಏನ ಮಾತಾಡತಿದ್ರಿ?"

ಆಕೆಗೆ ದಾರಿ ತಪ್ಪಿದ ಹಾಗಾಯಿತು. ಪ್ರಶ್ನೆಯಲ್ಲಿ ಹೂಂ ಅನ್ನಲು ಜಾಗವೇ ಇರಲಿಲ್ಲ. ನನ್ನ ಮುಖ ನೋಡಿದಳು, ನಾನೇ ಸಿಟ್ಟಾಗಿದ್ದೇನೆ ಅಂದುಕೊಂಡಿರಬೇಕು.

"ಹೋಗತೇವ್ರಿ ಕಾಕಾರ, ಅಂತಿದ್ವಿ."

"ಅವರು ಏನಂತಿದ್ರು?"

"ಹೂಂ ಅಂತಿದ್ರು."

"ಅವರು ಹೊಲದಾಗ ಇರಲಾರದ ದಿನ ಏನ ಮಾಡತಿದ್ರಿ?"

"ಯಾರೂ ಇಲ್ಲಂದ್ರೂ ಹೇಳೇ ದಾಟತಿದ್ವಿ ರಿ. ಇನ್ನೊಬ್ಬರ ಭೂಮಿ ಅಲ್ಲೇನ್ರಿ? ಹೋಗತೇವ್ರಿ ಅಂದು ದಾಟೂದು."

ನನಗೆ ಸಾಕಿತ್ತು. ಯಾರೂ ಇಲ್ಲದ ಹೊಲಕ್ಕೆ ಹೇಳಿದ್ದು ಅನುಮತಿ ಹೇಗಾಗುತ್ತದೆ? ಕೊಡುವವರೇ ಅಲ್ಲಿಲ್ಲ. ಅದು ಮನೆಯಿಂದ ಹೊರಡುವಾಗ ಬರತೇನಿ ಅಂದ ಹಾಗೆ, ಊಟ ಮುಗಿಸಿ ಏಳುವಾಗ ಪಕ್ಕದ ಎಲೆಯವರಿಗೆ ಏಳತೇನ್ರಿ ಅಂದ ಹಾಗೆ. ನನ್ನ ಎದೆ ಹಗುರಾಯಿತು. ಹೇಳಿಕೆಯನ್ನು ಓದಿ ಹೇಳಿದರು. ಸರಿ ಇದೆಯಲ್ಲ ಅಂದರು. ಹೂಂ ರಿ ಅಂದು ಆಕೆ ಸಹಿ ಮಾಡಿದಳು.

ಇಂಥ ಹೂಂಗಳನ್ನು ಇಂಗ್ಲಿಷಿಗೆ ದಾಟಿಸುವುದೂ ನನ್ನದೇ ಕರ್ಮ. ಧಾರವಾಡದ ಹೈಕೋರ್ಟು ಪೀಠಕ್ಕೆ ಹೋಗುವ ದಾವಾಗಳ ಹೇಳಿಕೆಗಳನ್ನು ಬೇರೆ ವಕೀಲರೂ ನನ್ನ ಕಡೆಗೆ ತಳ್ಳುತ್ತಾರೆ, ಇಂಗ್ಲಿಷ್ ಮಾಸ್ತರರ ಮಗ ಅಂತ. ಒಬ್ಬ ಸಾಕ್ಷಿಯನ್ನು ಕೇಳಿರುತ್ತಾರೆ: ಅಂದು ನೀವು ಊರಲ್ಲಿ ಇರಲಿಲ್ಲ, ಅಲ್ಲ? ಹೂಂ ರಿ. ಇದಕ್ಕೆ ಇಂಗ್ಲಿಷಿನಲ್ಲಿ 'ಯೆಸ್' ಬರೆದರೆ ಅವನು ಊರಲ್ಲಿ ಇದ್ದ ಎಂದಾಗುತ್ತದೆ. 'ನೋ' ಬರೆಯಬೇಕು. ಅವರ ಯೆಸ್ಸು ನೋ ನಡೆದ ಸಂಗತಿಗೆ ಅಂಟಿಕೊಂಡಿರುತ್ತವೆ. ನಮ್ಮ ಹೂಂ ಕೇಳಿದವನ ಮಾತಿಗೆ ಅಂಟಿಕೊಂಡಿರುತ್ತದೆ: ನೀವು ಹೇಳಿದ್ದು ಖರೆ, ನಾನು ಇರಲಿಲ್ಲ. ಹೂಂ ಎದುರಿಗೆ ನೋ ಬರೆದದ್ದನ್ನು ನೋಡಿ ಹೊಸ ಹುಡುಗರು ನಗುತ್ತಾರೆ. ನಗಲಿ. ಸಂಗತಿಯೂ ಅಲ್ಲದ, ಒಪ್ಪಿಗೆಯೂ ಅಲ್ಲದ, ಎದುರಿಗಿದ್ದವರ ಮನಸ್ಸು ನೋಯಬಾರದೆಂದು ಮಾತ್ರ ಅಂದ ಹೂಂಗೆ ಏನು ಬರೆಯಬೇಕೆಂದು ಅಪ್ಪನೂ ಹೇಳಿಕೊಡಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ತೀರ್ಪು ಬಂತು. ದಾವಾ ವಜಾ.

ಪ್ರತಿಯನ್ನು ನಿಂತೇ ಓದಿದೆ. ನ್ಯಾಯಾಧೀಶರು ಆಕೆಯ ಮಾತನ್ನು ಬಿಟ್ಟಿರಲಿಲ್ಲ, ಇಡಿಯಾಗಿ ತೆಗೆದುಕೊಂಡಿದ್ದರು. ಮಾಲೀಕ ಹೊಲದಲ್ಲಿ ಇಲ್ಲದ ದಿನವೂ ತಾವು ಹೇಳಿಯೇ ದಾಟುತ್ತಿದ್ದೆವೆಂದು ವಾದಿಯೇ ಒಪ್ಪಿದ್ದಾಳೆ. ಅಂದಮೇಲೆ ಒಂದು ದಿನವೂ ಆಕೆ ದಾರಿಯನ್ನು ತನ್ನ ಹಕ್ಕೆಂದು ತಿಳಿದಿರಲಿಲ್ಲ ಎಂಬುದು ಸ್ಪಷ್ಟ. ನಾನು ಯಾವುದನ್ನು ನಮ್ಮ ಬಲವೆಂದುಕೊಂಡಿದ್ದೆನೋ ಅದನ್ನೇ ಕೊನೆಯ ಮೊಳೆಯಾಗಿ ಬಡಿದಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಇರಲಿಲ್ಲ. ಕಾಗದ ಓದಿದರೆ ಹಾಗೆಯೇ ಅನ್ನಿಸುತ್ತದೆ.

ಹಿರಿಯ ವಕೀಲರು ಹೆಗಲ ಮೇಲೆ ಕೈಯಿಟ್ಟು, "ಅಪ್ಪಾರ ಪಾಠ ಉಪಯೋಗ ಆತು, ಹೌದಿಲ್ಲೋ?" ಅಂದರು. ನಾನು ಚೀಲ ಎತ್ತಿಕೊಂಡೆ.

ಆಕೆ ಕೋರ್ಟಿನ ಜಗಲಿಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಸೋತೆವೆಂದು ಹೇಳಿದೆ, ಯಾಕೆ ಸೋತೆವೆಂದೂ ಹೇಳಿದೆ. ಮೇಲಿನ ಕೋರ್ಟಿಗೆ ಹೋಗಬಹುದು ಅಂದೆ. ನಡುನಡುವೆ ಹೂಂ ರಿ, ಹೂಂ ರಿ ಅನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ನನ್ನನ್ನು ನೋಡಿ, "ನಾ ಸುಳ್ಳ ಹೇಳಲಿಲ್ಲ, ಅಲ್ಲೇನ್ರಿ?" ಅಂದಳು.

ದನಿ ಮೇಲಕ್ಕೆ ಹೋಯಿತು. ಆಕೆಗೆ ನಿಜವಾಗಿ ಗೊತ್ತಿರಲಿಲ್ಲ. ತನ್ನ ಮಾತಿನಿಂದಲೇ ಸೋತದ್ದು ಎಂದಮೇಲೆ ಆ ಮಾತು ಸುಳ್ಳಿರಬೇಕೆಂದು ಆಕೆಗೆ ಅನುಮಾನ ಬಂದಿತ್ತು.

"ಇಲ್ಲ ಅಕ್ಕಾರ. ಖರೇನ ಹೇಳೀರಿ," ಅಂದೆ. ಆಕೆಗೆ ಅಷ್ಟು ಬೇಕಿತ್ತು.

ಮೇಲ್ಮನವಿ ಬರೆಯುವ ಮುಂಚೆ ಜಾಗ ಇನ್ನೊಮ್ಮೆ ನೋಡಬೇಕೆಂದು ಸಿರಸಂಗಿಗೆ ಹೋದೆ. ಆಕೆ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ, ನಾನು ಚಪ್ಪಲಿಗೆ ಮೆತ್ತಿದ ಎರಿ ಮಣ್ಣು ಜಾಡಿಸುತ್ತ ಹಿಂದೆ. ದಾರಿ ಇದ್ದ ಜಾಗದಲ್ಲಿ ಗೋವಿನಜೋಳ ಎದೆಮಟ್ಟ ನಿಂತಿತ್ತು. ಈಚೆಗೆ ಉದ್ದಕ್ಕೂ ಜಾಲಿ ಮುಳ್ಳಿನ ಬೇಲಿ. ನಾವು ಬೇಲಿಯ ಹೊರಗಿನಿಂದ ಹಳ್ಳದ ಕಡೆ ಸುತ್ತಿಕೊಂಡು ಹೋಗಬೇಕು. ಒಳಗೆ ಬೇವಿನ ಗಿಡದ ನೆರಳಿನಲ್ಲಿ ಪಕ್ಕದ ಹೊಲದ ಯಜಮಾನರು ತಂಬಾಕು ತಿಕ್ಕುತ್ತ ಕೂತಿದ್ದರು. ಕೋರ್ಟಿನಲ್ಲಿ ಕಂಡದ್ದಕ್ಕಿಂತ ಇನ್ನೂ ಮುದುಕರಾಗಿ ಕಂಡರು.

ಬೇಲಿಯ ಹತ್ತಿರ ಬಂದಾಗ ಆಕೆ ಬುಟ್ಟಿಗೆ ಕೈ ಕೊಟ್ಟು ನಿಂತಳು. "ಹೋಗತೇವ್ರಿ ಕಾಕಾರ," ಅಂದಳು.

ಅವರು ತಲೆ ಎತ್ತಿದರು. "ಹೂಂ ತಂಗೀ, ಹೋಗಿ ಬಾ," ಅಂದರು.

ನಾನು ನಿಂತುಬಿಟ್ಟೆ. ಕೋರ್ಟಿನ ಲೆಕ್ಕದಲ್ಲಿ ಈಕೆ ಈಗ ಅನುಮತಿ ಕೇಳಿದ್ದಾಳೆ, ಅವರು ಕೊಟ್ಟಿದ್ದಾರೆ. ಮುಳ್ಳು ಇದ್ದಲ್ಲೇ ಇತ್ತು. ತೆಗೆಯಬೇಕೆಂದು ಅವರಿಗೂ ಅನ್ನಿಸಲಿಲ್ಲ, ತೆಗೆಯುತ್ತಾರೆಂದು ಆಕೆಗೂ ಅನ್ನಿಸಲಿಲ್ಲ. ಇದನ್ನು ಕಣ್ಣಾರೆ ಕಂಡವನು ನಾನೊಬ್ಬ. ಆಕೆಯ ವಕೀಲನಾಗಿ ಆಕೆಯ ಪರ ನಾನೇ ಸಾಕ್ಷಿ ಹೇಳುವ ಹಾಗಿಲ್ಲ.

"ಕಾಕಾರು ಹೂಂ ಅಂದ್ರಲ್ಲ?" ಅಂದೆ, ತಡೆಯಲಾಗದೆ.

"ಅನ್ನಬೇಕಲ್ರಿ ಮತ್ತ," ಅಂದಳು ಆಕೆ, ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ಹಾಗೆ. "ನಾವು ಹೇಳಿದ ಮ್ಯಾಲ ಅವರು ಹೂಂ ಅನ್ನಲಿಲ್ಲಂದ್ರ ಹೆಂಗ್ರಿ?"

ಬುಟ್ಟಿ ಸರಿಮಾಡಿಕೊಂಡು ಹಳ್ಳದ ಕಡೆ ತಿರುಗಿದಳು. ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಇಳಿದೆ.